ತಪ್ಪು ಜಿಎಸ್‌ಟಿ ನಂಬರಿಗೆ ಹೋದ ಬಿಲ್: ಕ್ಯಾನ್ಸಲ್ ಮಾಡಬೇಕಾ, ಕ್ರೆಡಿಟ್ ನೋಟ್ ಕೊಡಬೇಕಾ?

ಪ್ರಶ್ನೆ: ಗೋಣಿಕೊಪ್ಪಲಿನಲ್ಲಿ ನಮ್ಮದು ಕಾಫಿ ಹುರಿದು, ಪುಡಿ ಮಾಡಿ ಸಗಟು ಮಾರುವ ಸಣ್ಣ ಘಟಕ. ಮೈಸೂರಿನಲ್ಲಿ ಅಣ್ಣ, ತಮ್ಮ ಇಬ್ಬರೂ ನಮ್ಮ ಗಿರಾಕಿಗಳು. ಇಬ್ಬರದೂ ಬೇರೆ ಬೇರೆ ಫರ್ಮ್, ಹೆಸರು ಮಾತ್ರ ಹೆಚ್ಚುಕಡಿಮೆ ಒಂದೇ. 2025ರ ಅಕ್ಟೋಬರ್ 14ರಂದು ತಮ್ಮನಿಗೆ 400 ಕೆ.ಜಿ. ಪುಡಿ ಕಳಿಸಿದೆವು. ಬಿಲ್ ಮಾತ್ರ ಅಣ್ಣನ ಫರ್ಮ್ ಹೆಸರಿಗೆ, ಅವರ ಜಿಎಸ್‌ಟಿ ನಂಬರಿಗೆ ಆಗಿಬಿಟ್ಟಿದೆ. ತೆರಿಗೆ ಸೇರಿ 2,52,000 ರೂಪಾಯಿ. ನವೆಂಬರ್ 10ಕ್ಕೆ ಅಕ್ಟೋಬರ್ ತಿಂಗಳ ಜಿಎಸ್‌ಟಿಆರ್-1 ಹಾಕಿ ಆಗಿದೆ. ಈಗ ನವೆಂಬರ್ ಕೊನೆಯಲ್ಲಿ ತಮ್ಮ ಫೋನ್ ಮಾಡಿ, "ನಿಮ್ಮ ಬಿಲ್ ನನ್ನ ಲೆಕ್ಕದಲ್ಲಿ ಕಾಣ್ತಾ ಇಲ್ಲ" ಅಂತಿದ್ದಾರೆ. ನಮ್ಮಲ್ಲಿ ಬಿಲ್ ಮಾಡುವ ಹುಡುಗ, ಹಳೇದು ಕ್ಯಾನ್ಸಲ್ ಮಾಡಿ ಹೊಸ ಬಿಲ್ ಹಾಕೋಣ ಅಂತಾನೆ. ಪರಿಚಯದ ಅಕೌಂಟೆಂಟ್ ಕ್ರೆಡಿಟ್ ನೋಟ್ ಕೊಡಿ ಅಂತಾರೆ. ಯಾವುದು ಸರಿ?

ಉತ್ತರ: ನಿಮ್ಮ ವಿಷಯದಲ್ಲಿ ಎರಡೂ ಬೇಡ. ನವೆಂಬರ್ ತಿಂಗಳ ಜಿಎಸ್‌ಟಿಆರ್-1ರಲ್ಲಿ 9ಎ ಟೇಬಲ್‌ಗೆ ಹೋಗಿ ಅದೇ ಬಿಲ್ಲಿನ ಜಿಎಸ್‌ಟಿ ನಂಬರನ್ನು ತಿದ್ದಿ. ಆ ರಿಟರ್ನ್ ಹಾಕಲು ಡಿಸೆಂಬರ್ 11ರವರೆಗೆ ಸಮಯ ಇದೆ. ಕ್ಯಾನ್ಸಲ್ ಮಾಡುವ ಹೊತ್ತು ದಾಟಿ ಹೋಗಿದೆ. ಕ್ರೆಡಿಟ್ ನೋಟ್ ದಾರಿ ಮುಚ್ಚಿಲ್ಲ, ಆದರೆ ನಿಮಗೆ ಅದು ಸುಮ್ನೆ ಸುತ್ತು ದಾರಿ. ಅದರಲ್ಲಿ ಅಣ್ಣನ ಕೈಯಲ್ಲಿ ನಿಮ್ಮ ಜುಟ್ಟು ಸಿಕ್ಕಿಕೊಳ್ಳುತ್ತದೆ. ಹೇಗೆ ಅಂತ ಮುಂದೆ ಹೇಳುತ್ತೇನೆ.

ಇಂಥ ಪ್ರಶ್ನೆ ಬಂದಾಗ ನಾನು ಮೊದಲು ಕೇಳುವುದು ಒಂದೇ: ಬಿಲ್ ಎಲ್ಲಿಯವರೆಗೆ ಹೋಗಿದೆ? ಬರೀ ನಿಮ್ಮ ಕಂಪ್ಯೂಟರಿನಲ್ಲಿ ಇದೆಯಾ, ಮಾಲಿನ ಜೊತೆ ಗಿರಾಕಿಯ ಕೈ ಸೇರಿದೆಯಾ, ರಿಟರ್ನ್ ಮೂಲಕ ಪೋರ್ಟಲ್ ಸೇರಿದೆಯಾ? ತಪ್ಪು ಒಂದೇ ಆದರೂ ಈ ಮೂರು ಹಂತದಲ್ಲಿ ಸರಿಪಡಿಸುವ ರೀತಿ ಮೂರು ತರ. ಹುಡುಗ ಹೇಳಿದ್ದು ಮೊದಲ ಎರಡು ಹಂತಕ್ಕೆ ಸರಿಯಾದ ಮಾತೇ. ನಿಮ್ಮ ಬಿಲ್ ಮೂರನೆಯ ಹಂತ ದಾಟಿದೆ.

ಮೊದಲು ಕ್ಯಾನ್ಸಲ್ ವಿಷಯ ನೋಡೋಣ. ಅಕ್ಟೋಬರ್ 14ರ ಬಿಲ್ಲಿನ ತಪ್ಪು ಅದೇ ತಿಂಗಳು, ಅಥವಾ ನವೆಂಬರ್ 10ಕ್ಕೆ ರಿಟರ್ನ್ ಹಾಕುವ ಮೊದಲು ಕಣ್ಣಿಗೆ ಬಿದ್ದಿದ್ದರೆ ಕೆಲಸ ಹಗುರ ಇತ್ತು. ಟ್ಯಾಲಿಯಲ್ಲಿ ಆ ವೋಚರ್ ತೆರೆದು Alt+X ಒತ್ತಿದರೆ ಅದು ಕ್ಯಾನ್ಸಲ್ ಆಗುತ್ತದೆ. ನಂಬರ್ ಉಳಿಯುತ್ತದೆ, ಮೊತ್ತ ಹೋಗುತ್ತದೆ. Alt+D ಒತ್ತಿ ಡಿಲೀಟ್ ಮಾಡಬಾರದು. ಡಿಲೀಟ್ ಮಾಡಿದರೆ ಬಿಲ್ ನಂಬರಿನ ಸಾಲಿನಲ್ಲಿ ಒಂದು ಹಲ್ಲು ಬಿದ್ದ ಹಾಗೆ ಆಗುತ್ತದೆ. ಜಿಎಸ್‌ಟಿ ನಿಯಮ 46ರ ಪ್ರಕಾರ ಒಂದು ಹಣಕಾಸು ವರ್ಷದೊಳಗೆ ಬಿಲ್ ನಂಬರ್‌ಗಳು ಸಾಲಾಗಿ ಇರಬೇಕು, ಒಂದು ನಂಬರ್ ಎರಡು ಸಲ ಬರಬಾರದು. ಜಿಎಸ್‌ಟಿಆರ್-1ರ 13ನೇ ಟೇಬಲ್‌ನಲ್ಲಿ ಎಷ್ಟರಿಂದ ಎಷ್ಟರವರೆಗೆ ಬಿಲ್ ಮಾಡಿದ್ದೀರಿ, ಅದರಲ್ಲಿ ಎಷ್ಟು ಕ್ಯಾನ್ಸಲ್ ಅಂತ ಕೇಳುತ್ತಾರೆ. ಕ್ಯಾನ್ಸಲ್ ಆದ ಬಿಲ್ಲಿನ ಲೆಕ್ಕ ಅಲ್ಲಿ ಬರುತ್ತದೆ. ಹೊಸ ಬಿಲ್ಲಿಗೆ ಹೊಸ ನಂಬರ್ ಬರುತ್ತದೆ, ಹಳೇ ನಂಬರನ್ನು ಮತ್ತೆ ಬಳಸುವಂತಿಲ್ಲ.

ಇಷ್ಟೇ ಆದರೆ ಸಾಕಿತ್ತು, ಆದರೆ ಮಾಲು ಹೋಗಿ ಆಗಿದೆ ಅಲ್ವಾ? ಅಲ್ಲಿ ಒಂದು ಎಚ್ಚರ ಬೇಕು. ಮಾಲು ಒಂದು ಬಿಲ್ಲಿನ ಮೇಲೆ ಲಾರಿ ಹತ್ತಿದೆ, ಆ ನಂಬರ್ ಇ-ವೇ ಬಿಲ್‌ನಲ್ಲಿ ಇದೆ. ಆ ಬಿಲ್ ಕ್ಯಾನ್ಸಲ್ ಆಗಿ ಹೊಸ ನಂಬರಿನ ಬಿಲ್ ಬಂದರೆ, ನಾಳೆ ಯಾರಾದರೂ ಕೇಳಿದಾಗ ಮಾಲಿಗೂ ಬಿಲ್ಲಿಗೂ ತಾಳೆ ತೋರಿಸಲು ನಿಮ್ಮ ಹತ್ತಿರ ಕಾಗದ ಇರಬೇಕು. ಹೊಸ ಬಿಲ್ಲಿನ ಮೇಲೆ "ಇದು ಇಂಥ ದಿನಾಂಕದ ಇಂಥ ನಂಬರಿನ ಬಿಲ್ಲಿನ ಬದಲಿಗೆ" ಅಂತ ಒಂದು ಸಾಲು ಬರೆಸಿ. ಕ್ಯಾನ್ಸಲ್ ಆದ ಬಿಲ್ಲಿನ ಎಲ್ಲ ಪ್ರತಿಗಳನ್ನೂ ಗಿರಾಕಿಯಿಂದ ವಾಪಸ್ ತರಿಸಿ, ಮೇಲೆ ಅಡ್ಡ ಗೆರೆ ಎಳೆದು, ಪುಸ್ತಕಕ್ಕೇ ಪಿನ್ ಮಾಡಿ ಇಡಿ. ಹರಿದು ಬಿಸಾಕಬೇಡಿ.

ಇ-ವೇ ಬಿಲ್ ಮಾಡಿದ 24 ಗಂಟೆಯೊಳಗೆ ಮಾತ್ರ ಕ್ಯಾನ್ಸಲ್ ಮಾಡಬಹುದು. ದಾರಿಯಲ್ಲಿ ಅಧಿಕಾರಿ ತಪಾಸಣೆ ಮಾಡಿ ಆಗಿದ್ದರೆ ಅದೂ ಆಗದು. ಹಾಗಾಗಿ ಮಾಲು ಇನ್ನೂ ಗೋಣಿಕೊಪ್ಪಲಿನಲ್ಲೇ ಇರುವಾಗ ತಪ್ಪು ಸಿಕ್ಕಿದರೆ ಮಾತ್ರ ಎಲ್ಲವೂ ಸ್ವಚ್ಛವಾಗಿ ಮುಗಿಯುತ್ತದೆ. ಬಿಲ್, ಇ-ವೇ ಬಿಲ್ ಎರಡನ್ನೂ ಕ್ಯಾನ್ಸಲ್ ಮಾಡಿ, ಎರಡನ್ನೂ ಹೊಸದಾಗಿ ಮಾಡಿ ಲಾರಿ ಬಿಡುವುದು. ಲೋಡ್ ಮಾಡುವ ಮುಂಚೆ ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರನ್ನು ಆರ್ಡರ್ ಚೀಟಿಯ ಜೊತೆ ಒಮ್ಮೆ ಹೋಲಿಸಿ ನೋಡಿ ಅಂತ ನಾನು ಹೇಳುವುದು ಇದಕ್ಕೇ.

ನಿಮ್ಮದು ಐದು ಕೋಟಿ ದಾಟದ ವ್ಯಾಪಾರ ಅಂತ ಅಂದುಕೊಂಡಿದ್ದೇನೆ. ದಾಟಿದ್ದರೆ ಇ-ಇನ್‌ವಾಯ್ಸ್ ಬರುತ್ತದೆ, ಅಲ್ಲಿ ನಿಯಮ ಇನ್ನೂ ಬಿಗಿ. ಇ-ಇನ್‌ವಾಯ್ಸ್ ಪೋರ್ಟಲ್ ಬಿಲ್ಲಿಗೆ ಕೊಡುವ ಐಆರ್‌ಎನ್ ಅನ್ನುವ ನಂಬರ್ ಬಂದ 24 ಗಂಟೆಯೊಳಗೆ ಮಾತ್ರ ಆ ಪೋರ್ಟಲ್‌ನಲ್ಲಿ ಕ್ಯಾನ್ಸಲ್ ಮಾಡಬಹುದು. ಚಾಲ್ತಿಯಲ್ಲಿರುವ ಇ-ವೇ ಬಿಲ್ ಇದ್ದರೆ ಮೊದಲು ಅದನ್ನು ತೆಗೆಯಬೇಕು. ಅಲ್ಲಿ ತಿದ್ದುವುದು ಅನ್ನುವುದೇ ಇಲ್ಲ. ಪೂರ್ತಿ ಕ್ಯಾನ್ಸಲ್, ಇಲ್ಲವೇ ಹಾಗೇ ಬಿಡುವುದು, ಎರಡೇ.

ಇನ್ನೊಂದು ಗೊಂದಲ ನಮ್ಮ ಕಡೆ ಜಾಸ್ತಿ ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು, "ನಾವು ಇನ್ನೂ ಜಿಎಸ್‌ಟಿಆರ್-1 ಹಾಕಿಲ್ಲ, ಕ್ಯಾನ್ಸಲ್ ಮಾಡಬಹುದು" ಅಂದುಕೊಳ್ಳುತ್ತಾರೆ. ಆದರೆ ಗಿರಾಕಿಗೆ ಕ್ರೆಡಿಟ್ ಬೇಗ ಸಿಗಲಿ ಅಂತ ಮೊದಲ ಎರಡು ತಿಂಗಳ ಬಿಲ್‌ಗಳನ್ನು ಪೋರ್ಟಲ್‌ನ ಐಎಫ್‌ಎಫ್ ಅನ್ನುವ ಸೌಲಭ್ಯದಲ್ಲಿ ಕಳಿಸಿರುತ್ತಾರೆ. ಐಎಫ್‌ಎಫ್‌ನಲ್ಲಿ ಹೋದ ಬಿಲ್ ಪೋರ್ಟಲ್ ಸೇರಿದ ಬಿಲ್ಲೇ. ಅದಕ್ಕೂ ಕ್ಯಾನ್ಸಲ್ ಇಲ್ಲ, ತಿದ್ದುಪಡಿ ಮಾತ್ರ.

ಈಗ ನಿಮ್ಮ ಬಿಲ್ಲಿಗೆ ಬರೋಣ. ನೀವು ಟ್ಯಾಲಿಯಲ್ಲಿ ಇವತ್ತು ಕ್ಯಾನ್ಸಲ್ ಒತ್ತಿದರೆ ಟ್ಯಾಲಿ ಬೇಡ ಅನ್ನುವುದಿಲ್ಲ, ಮಾಡಿಬಿಡುತ್ತದೆ. ತೊಂದರೆ ಶುರುವಾಗುವುದು ಅಲ್ಲೇ. ಪುಸ್ತಕದಲ್ಲಿ ಅಕ್ಟೋಬರ್ ಮಾರಾಟ 2,40,000 ಕಡಿಮೆ ಆಗುತ್ತದೆ. ಪೋರ್ಟಲ್‌ನಲ್ಲಿ ಅಕ್ಟೋಬರ್ ಮಾರಾಟ ಹಾಗೇ ಇರುತ್ತದೆ. ನವೆಂಬರ್‌ನಲ್ಲಿ ತಮ್ಮನ ಹೆಸರಿಗೆ ಹೊಸ ಬಿಲ್ ಹಾಕಿದರೆ ಪೋರ್ಟಲ್ ಪ್ರಕಾರ ಒಂದೇ 400 ಕೆ.ಜಿ. ಪುಡಿ ಎರಡು ಸಲ ಮಾರಿದ ಹಾಗಾಯಿತು. ಹುರಿದ ಕಾಫಿಗೆ ಶೇ. 5 ತೆರಿಗೆ. 2,40,000ಕ್ಕೆ 12,000 ರೂಪಾಯಿ. ಆ 12,000 ನೀವು ಎರಡನೇ ಸಲ ಕಟ್ಟುತ್ತೀರಿ, ಗಿರಾಕಿಯಿಂದ ವಸೂಲಿ ಆಗುವುದು ಒಂದೇ ಸಲ. ಇದು ಗೊತ್ತಾಗುವುದು ಯಾವಾಗ? ಸಾಮಾನ್ಯವಾಗಿ ವರ್ಷದ ಕೊನೆಗೆ, ಪುಸ್ತಕದ ಮಾರಾಟಕ್ಕೂ ರಿಟರ್ನಿನ ಮಾರಾಟಕ್ಕೂ 2,40,000 ವ್ಯತ್ಯಾಸ ಬಂದಾಗ. ಆ ಮೊತ್ತಕ್ಕೆ ಸರಿಯಾಗಿ ಹೊಂದುವ ಬಿಲ್ ಹುಡುಕಿದರೆ ಕ್ಯಾನ್ಸಲ್ ಆದ ವೋಚರ್ ಸಿಗುತ್ತದೆ.

ಹಾಗಾದರೆ ಕ್ರೆಡಿಟ್ ನೋಟ್ ಯಾಕೆ ಬೇಡ? ಕಾನೂನಿನಲ್ಲಿ ಸೆಕ್ಷನ್ 34 ಕ್ರೆಡಿಟ್ ನೋಟ್‌ಗೆ ಕಾರಣಗಳನ್ನು ಹೇಳುತ್ತದೆ. ಬಿಲ್ಲಿನಲ್ಲಿ ಬೆಲೆ ಅಥವಾ ತೆರಿಗೆ ಜಾಸ್ತಿ ಹಾಕಿದ್ದರೆ, ಮಾಲು ವಾಪಸ್ ಬಂದರೆ, ಮಾಲು ಅಥವಾ ಸೇವೆಯಲ್ಲಿ ಕೊರತೆ ಇದ್ದರೆ. ನಿಮ್ಮ ಪುಡಿ ವಾಪಸ್ ಬಂದಿಲ್ಲ, ಬೆಲೆ ಸರಿ ಇದೆ, ತೆರಿಗೆಯೂ ಸರಿ ಇದೆ. ಹೆಸರು ತಪ್ಪಿದೆ ಅಷ್ಟೇ. ಅಣ್ಣನಿಗೆ ಏನೂ ಮಾರಿಲ್ಲ, ಹಾಗಾಗಿ ಅವರ ಹೆಸರಿಗೆ ಹಾಕಿದ್ದೆಲ್ಲ ಜಾಸ್ತಿಯೇ ಅಂತ ವಾದ ಮಾಡಬಹುದು. ಬೇರೆ ದಾರಿ ಇಲ್ಲದ ಕಡೆ ಎಲ್ಲರೂ ಅದೇ ವಾದದ ಮೇಲೆ ಕ್ರೆಡಿಟ್ ನೋಟ್ ಮಾಡುತ್ತಾರೆ, ನಾನೂ ಮಾಡಿಸುತ್ತೇನೆ. ಆದರೆ ನೇರ ದಾರಿ ತೆರೆದಿರುವಾಗ ವಾದದ ಮೇಲೆ ಯಾಕೆ ನಿಲ್ಲಬೇಕು?

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. 2024ರ ಅಕ್ಟೋಬರ್‌ನಿಂದ ಪೋರ್ಟಲ್‌ನಲ್ಲಿ ಐಎಂಎಸ್ ಅಂತ ಒಂದು ವ್ಯವಸ್ಥೆ ಇದೆ. ನೀವು ಹಾಕಿದ ಬಿಲ್, ಕ್ರೆಡಿಟ್ ನೋಟ್ ಎಲ್ಲವೂ ಅಲ್ಲಿ ಗಿರಾಕಿಯ ಮುಂದೆ ಬರುತ್ತವೆ. ಅವರು ಒಪ್ಪಬಹುದು, ತಿರಸ್ಕರಿಸಬಹುದು. ಏನೂ ಮಾಡದೆ ಬಿಟ್ಟರೆ ಒಪ್ಪಿದ ಹಾಗೆ. ನೀವು ಅಣ್ಣನ ನಂಬರಿಗೆ 2,52,000ದ ಕ್ರೆಡಿಟ್ ನೋಟ್ ಹಾಕುತ್ತೀರಿ ಅಂದುಕೊಳ್ಳಿ. ಅಣ್ಣನ ಅಕೌಂಟೆಂಟ್‌ಗೆ ಈ ಕಥೆ ಗೊತ್ತಿಲ್ಲ. "ಇವರಿಂದ ನಾವು ಏನೂ ವಾಪಸ್ ಕಳಿಸಿಲ್ಲವಲ್ಲ" ಅಂತ ಅವರು ತಿರಸ್ಕರಿಸಿದರೆ, ಆ 12,000 ನಿಮ್ಮ ಮುಂದಿನ ಜಿಎಸ್‌ಟಿಆರ್-3ಬಿಯಲ್ಲಿ ಮತ್ತೆ ನಿಮ್ಮ ತಲೆಗೇ ಬರುತ್ತದೆ. ಇದರ ಮೇಲೆ 2025ರ ಫೈನಾನ್ಸ್ ಆಕ್ಟ್ ಸೆಕ್ಷನ್ 34ನ್ನು ಇನ್ನೂ ಬಿಗಿ ಮಾಡಿದೆ. ಬಿಲ್ ಪಡೆದವರು ತೆಗೆದುಕೊಂಡ ಕ್ರೆಡಿಟ್ಟನ್ನು ವಾಪಸ್ ಮಾಡದಿದ್ದರೆ, ಕ್ರೆಡಿಟ್ ನೋಟ್ ಕೊಟ್ಟವರು ತಮ್ಮ ತೆರಿಗೆ ಕಡಿಮೆ ಮಾಡಿಕೊಳ್ಳುವಂತಿಲ್ಲ. ಅಂದರೆ ನಿಮ್ಮ ತಪ್ಪು ಸರಿಯಾಗುವುದು ಅಣ್ಣನ ಕಡೆಯವರ ಕೈಯಲ್ಲಿ. ಜುಟ್ಟಿನ ಮಾತು ಅಂದಿದ್ದು ಇದನ್ನೇ.

9ಎ ದಾರಿಯಲ್ಲಿ ಹಾಗಲ್ಲ. ಮಾರಾಟ ಅದೇ, ದಿನಾಂಕ ಅದೇ, ತೆರಿಗೆ ಅದೇ. ಇಬ್ಬರೂ ಮೈಸೂರಿನವರು, ಇಬ್ಬರ ನಂಬರೂ ಕರ್ನಾಟಕದ 29ರಿಂದ ಶುರು. ಆದ್ದರಿಂದ 6,000 ಕೇಂದ್ರ, 6,000 ರಾಜ್ಯ ತೆರಿಗೆ ಹಾಗೇ ಉಳಿಯುತ್ತದೆ. ನೀವು ಅಕ್ಟೋಬರ್‌ನಲ್ಲಿ ಕಟ್ಟಿದ ತೆರಿಗೆ ಕಟ್ಟಿದ್ದೇ, ನವೆಂಬರ್‌ನಲ್ಲಿ ಒಂದು ರೂಪಾಯಿ ಹೆಚ್ಚು ಕಡಿಮೆ ಇಲ್ಲ. ಬಿಲ್ಲಿನ ಒಡೆಯ ಮಾತ್ರ ಬದಲಾಗುತ್ತಾನೆ.

ಕೆಲಸ ಹೀಗೆ. ಪೋರ್ಟಲ್‌ಗೆ ಲಾಗಿನ್ ಆಗಿ ರಿಟರ್ನ್ ಡ್ಯಾಶ್‌ಬೋರ್ಡ್‌ನಲ್ಲಿ ನವೆಂಬರ್ ತಿಂಗಳು ಆರಿಸಿ. ಅಕ್ಟೋಬರ್ ಅಲ್ಲ, ಅದು ಮುಗಿದ ರಿಟರ್ನ್. ಜಿಎಸ್‌ಟಿಆರ್-1 ತೆರೆದರೆ ಕೆಳಗೆ ತಿದ್ದುಪಡಿಯ ಟೈಲ್‌ಗಳಿವೆ. ಅದರಲ್ಲಿ 9A, ಬಿ-ಟು-ಬಿ ಬಿಲ್‌ಗಳ ತಿದ್ದುಪಡಿ. ಹಣಕಾಸು ವರ್ಷ 2025-26 ಆರಿಸಿ, ಬಿಲ್ ನಂಬರ್ ಹಾಕಿದರೆ ನೀವು ಅಕ್ಟೋಬರ್‌ನಲ್ಲಿ ಹಾಕಿದ ಬಿಲ್ ಹಾಗೇ ಎದ್ದು ಬರುತ್ತದೆ. ಅಲ್ಲಿ ಪಡೆದವರ ಜಿಎಸ್‌ಟಿ ನಂಬರಿನ ಜಾಗದಲ್ಲಿ ತಮ್ಮನ ನಂಬರ್ ಹಾಕಿ. ಹೆಸರು ತಾನೇ ಬರುತ್ತದೆ. ಬಂದ ಹೆಸರನ್ನು ಓದಿ ನೋಡದೆ ಸೇವ್ ಒತ್ತಬೇಡಿ. ಮೊದಲ ತಪ್ಪು ಆಗಿದ್ದೇ ಎರಡು ಹೆಸರು ಒಂದೇ ತರ ಇದ್ದದ್ದರಿಂದ. ಬಿಲ್ ನಂಬರ್, ದಿನಾಂಕ ಹಳೇದೇ ಇರಲಿ. ಮೊತ್ತ, ತೆರಿಗೆ ಹಾಗೇ ಬಿಡಿ.

ಇಲ್ಲಿ ಒಂದು ವಿಷಯ. 2024ರಿಂದ ಜಿಎಸ್‌ಟಿಆರ್-1ಎ ಅಂತ ಇನ್ನೊಂದು ಫಾರಂ ಬಂದಿದೆ. ಜಿಎಸ್‌ಟಿಆರ್-1 ಹಾಕಿದ ಮೇಲೆ, ಅದೇ ತಿಂಗಳ 3ಬಿ ಹಾಕುವ ಮೊದಲು ತಪ್ಪು ತಿದ್ದಲು ಅದು. ನಿಮ್ಮ ಹುಡುಗ ಅದನ್ನು ನೋಡಿ "ಇದರಲ್ಲೇ ಮಾಡೋಣ" ಅನ್ನಬಹುದು. ಮೊತ್ತ ತಪ್ಪಿದ್ದರೆ ಅದರಲ್ಲಿ ತಿದ್ದಬಹುದು, ಆದರೆ ಪಡೆದವರ ಜಿಎಸ್‌ಟಿ ನಂಬರ್ ಬದಲಿಸಲು ಅದು ಬಿಡುವುದಿಲ್ಲ. ನಂಬರ್ ಬದಲಾವಣೆಗೆ ಮುಂದಿನ ತಿಂಗಳ ಜಿಎಸ್‌ಟಿಆರ್-1 ಒಂದೇ ದಾರಿ.

ನೀವು ಡಿಸೆಂಬರ್ 11ರೊಳಗೆ ನವೆಂಬರ್ ರಿಟರ್ನ್ ಹಾಕಿದರೆ, ಡಿಸೆಂಬರ್ 14ಕ್ಕೆ ಬರುವ 2ಬಿಯಲ್ಲಿ, ಅಂದರೆ ಪೋರ್ಟಲ್ ತಿಂಗಳಿಗೊಮ್ಮೆ ಕೊಡುವ ಕ್ರೆಡಿಟ್ ಪಟ್ಟಿಯಲ್ಲಿ, ತಮ್ಮನಿಗೆ ಆ ಬಿಲ್ ಕಾಣುತ್ತದೆ. ಅವರಿಗೆ 12,000ದ ಕ್ರೆಡಿಟ್ ಒಂದು ತಿಂಗಳು ತಡವಾಗಿ ಸಿಗುತ್ತದೆ. ನಷ್ಟ ಅಷ್ಟೇ. ಅದನ್ನು ಅವರಿಗೆ ಈಗಲೇ ಫೋನಿನಲ್ಲಿ ಹೇಳಿಬಿಡಿ. ತೆರಿಗೆ ಮೊತ್ತ ಹಿಡಿದುಕೊಂಡು ಉಳಿದದ್ದು ಮಾತ್ರ ಕೊಡುತ್ತೇವೆ ಅನ್ನುವ ಮಾತು ಬರುವ ಮೊದಲೇ ದಿನಾಂಕ ಹೇಳಿದರೆ ವ್ಯವಹಾರ ಕೆಡುವುದಿಲ್ಲ.

ಅಣ್ಣನ ವಿಷಯ ಮರೆಯಬೇಡಿ. ಅಕ್ಟೋಬರ್ ಬಿಲ್ ನವೆಂಬರ್ 14ಕ್ಕೇ ಅವರ 2ಬಿಗೆ ಬಂದು ಕೂತಿರುತ್ತದೆ. ಅವರ ಅಕೌಂಟೆಂಟ್ 2ಬಿ ನೋಡಿ ಹಾಗೇ 3ಬಿ ಹಾಕುವವರಾದರೆ, ನವೆಂಬರ್ 20ಕ್ಕೆ ಆ 12,000 ಕ್ರೆಡಿಟ್ ತೆಗೆದುಕೊಂಡು ಆಗಿರಬಹುದು. ಬರದ ಮಾಲಿಗೆ ತೆಗೆದುಕೊಂಡ ಕ್ರೆಡಿಟ್ ಅದು, ವಾಪಸ್ ಮಾಡಲೇಬೇಕು. ಬಳಸಿಬಿಟ್ಟಿದ್ದರೆ ಬಡ್ಡಿಯೂ ಬರುತ್ತದೆ, ವರ್ಷಕ್ಕೆ ಶೇ. 18. ಅವರಿಗೆ ಒಂದು ಇಮೇಲ್ ಅಥವಾ ಸಹಿ ಮಾಡಿದ ಪತ್ರ ಕಳಿಸಿ: ಇಂಥ ನಂಬರಿನ ಬಿಲ್ ತಪ್ಪಿ ನಿಮ್ಮ ಜಿಎಸ್‌ಟಿ ನಂಬರಿಗೆ ಬಂದಿದೆ, ಮಾಲು ನಿಮಗೆ ಬಂದಿಲ್ಲ, ನವೆಂಬರ್ ರಿಟರ್ನಿನಲ್ಲಿ ತಿದ್ದುತ್ತಿದ್ದೇವೆ, ಕ್ರೆಡಿಟ್ ತೆಗೆದಿದ್ದರೆ ವಾಪಸ್ ಮಾಡಿ, ತೆಗೆದಿಲ್ಲವಾದರೆ ತೆಗೆಯಬೇಡಿ. ಅಣ್ಣ, ತಮ್ಮ ಒಂದೇ ಮನೆಯವರು, ಅವರವರೇ ಮಾತಾಡಿಕೊಳ್ಳುತ್ತಾರೆ ಅಂತ ಬಿಡಬೇಡಿ. ಜಿಎಸ್‌ಟಿಗೆ ಅವರು ಇಬ್ಬರು ಬೇರೆ ಬೇರೆ ವ್ಯಾಪಾರಿಗಳು.

ಕಾಗದದ ಬಿಲ್ ಏನು ಮಾಡುವುದು? ತಮ್ಮನಿಗೆ ಅವರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಇರುವ ಬಿಲ್ ಬೇಕು. ಟ್ಯಾಲಿಯಲ್ಲಿ ಅದೇ ವೋಚರ್ ತೆರೆದು ಪಾರ್ಟಿ ಲೆಡ್ಜರ್ ಬದಲಿಸಿ, ಅದೇ ನಂಬರ್, ಅದೇ ದಿನಾಂಕದಲ್ಲಿ ಪ್ರಿಂಟ್ ತೆಗೆಯಿರಿ. ಮೇಲೆ "ಪಡೆದವರ ವಿವರ ತಿದ್ದಿದ ಬಿಲ್" ಅಂತ ಬರೆದು, ತಿದ್ದಿದ ದಿನಾಂಕ ಹಾಕಿ ಸಹಿ ಮಾಡಿ. ಹೀಗೆ ಮಾಡಿದರೆ ಲೆಡ್ಜರ್ ಕೂಡ ತಾನೇ ಸರಿಯಾಗುತ್ತದೆ. ಅಣ್ಣನ ಖಾತೆಯಲ್ಲಿ 2,52,000 ಬಾಕಿ ಅಂತ ತೋರಿಸುತ್ತಿದ್ದದ್ದು ಹೋಗಿ ತಮ್ಮನ ಖಾತೆಗೆ ಬರುತ್ತದೆ. ಹಳೇ ಬಿಲ್ಲಿನ ಪ್ರತಿ, ತಮ್ಮನ ಆರ್ಡರ್, ಮಾಲು ಇಳಿಸಿಕೊಂಡ ಸಹಿ, ಇ-ವೇ ಬಿಲ್, ಅಣ್ಣನಿಗೆ ಬರೆದ ಪತ್ರ, ತಮ್ಮನಿಂದ ಹಣ ಬಂದ ಬ್ಯಾಂಕ್ ಸಾಲು, ಇವೆಲ್ಲ ಒಂದೇ ಫೈಲಿನಲ್ಲಿ ಇರಲಿ. ಇ-ವೇ ಬಿಲ್‌ನಲ್ಲಿ ಅಣ್ಣನ ನಂಬರ್ ಇದೆ, ಅದನ್ನು ಈಗ ತಿದ್ದಲು ಆಗದು. ಮಾಲು ನಿಜವಾಗಿ ತಮ್ಮನ ಗೋಡೌನ್‌ನಲ್ಲಿ ಇಳಿದಿದೆ ಅನ್ನುವುದಕ್ಕೆ ಆ ಸಹಿಯೇ ಸಾಕ್ಷಿ.

ಕ್ರೆಡಿಟ್ ನೋಟ್ ಬೇಕೇ ಬೇಕು ಅನ್ನುವ ಸಂದರ್ಭಗಳೂ ಇವೆ. ಅವು ಕೊಡಗಿನಲ್ಲಿ ಅಪರೂಪ ಏನಲ್ಲ.

ವಿರಾಜಪೇಟೆ ಕಡೆಯವರು ಮಾಕುಟ್ಟ ದಾಟಿ ಇರಿಟ್ಟಿ, ಕಣ್ಣೂರಿಗೆ ಮಾಲು ಕಳಿಸುವುದು ದಿನನಿತ್ಯದ ವ್ಯಾಪಾರ. ಗಿರಾಕಿಗೆ ಕಣ್ಣೂರಿನಲ್ಲೂ ಮೈಸೂರಿನಲ್ಲೂ ಶಾಖೆ ಇದೆ ಅಂದುಕೊಳ್ಳಿ. ಪ್ಯಾನ್ ಒಂದೇ, ಜಿಎಸ್‌ಟಿ ನಂಬರ್ ಎರಡು. ಒಂದು ಕೇರಳದ 32ರಿಂದ ಶುರು, ಇನ್ನೊಂದು ನಮ್ಮ 29ರಿಂದ. ಇದೇ 400 ಕೆ.ಜಿ. ಕಣ್ಣೂರಿಗೆ ಹೋಗಿದೆ, ಬಿಲ್ ಮೈಸೂರಿನ ನಂಬರಿಗೆ ಆಗಿದೆ. ಇಲ್ಲಿ ನಂಬರಿನ ಜೊತೆ ತೆರಿಗೆಯ ಜಾತಿಯೂ ತಪ್ಪಿದೆ. ಹಾಕಿದ್ದು 6,000 ಮತ್ತು 6,000, ಹಾಕಬೇಕಿದ್ದದ್ದು 12,000 ಐಜಿಎಸ್‌ಟಿ. ಇಂಥ ಕಡೆ ನಾನು ಕ್ರೆಡಿಟ್ ನೋಟನ್ನೇ ಮಾಡಿಸುತ್ತೇನೆ. ಮೈಸೂರಿನ ನಂಬರಿಗೆ ಪೂರ್ತಿ ಮೊತ್ತದ ಕ್ರೆಡಿಟ್ ನೋಟ್, ಅದೇ ದಿನ ಕಣ್ಣೂರಿನ ನಂಬರಿಗೆ ಐಜಿಎಸ್‌ಟಿ ಹಾಕಿದ ಹೊಸ ಬಿಲ್. ಹಾಕಿದ ತೆರಿಗೆ ಆ ಬಿಲ್ಲಿಗೆ ನಿಜವಾಗಿಯೂ ಸಲ್ಲದ ತೆರಿಗೆ, ಆದ್ದರಿಂದ ಸೆಕ್ಷನ್ 34ರ ಕಾರಣ ಇಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಪುಸ್ತಕ ನೋಡಿದವರಿಗೆ ಯಾವ ತೆರಿಗೆ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವುದೂ ಸ್ಪಷ್ಟವಾಗಿ ಕಾಣುತ್ತದೆ.

ಮಾಡುವಾಗ ನೋಡಬೇಕಾದ್ದು ಹೀಗಿದೆ. ಕ್ರೆಡಿಟ್ ನೋಟ್‌ಗೆ ಬಿಲ್ಲಿನ ಸರಣಿ ಬೇಡ, ಅದರದೇ ಬೇರೆ ನಂಬರ್ ಸರಣಿ ಇಟ್ಟುಕೊಳ್ಳಿ. ಮೂಲ ಬಿಲ್ಲಿನ ನಂಬರ್, ದಿನಾಂಕ ಅದರ ಮೇಲೆ ಇರಲೇಬೇಕು. ಜಿಎಸ್‌ಟಿಆರ್-1ರಲ್ಲಿ ಅದು 9ಬಿ ಟೇಬಲ್‌ಗೆ, ಹೊಸ ಬಿಲ್ 4ನೇ ಟೇಬಲ್‌ಗೆ. ಎರಡೂ ಒಂದೇ ತಿಂಗಳಲ್ಲಿ ಹೋಗಬೇಕು. ನಾನು ನೋಡಿದ ಹಾಗೆ ಇಲ್ಲೇ ಎಡವುವುದು. ಕ್ರೆಡಿಟ್ ನೋಟ್ ಹಾಕಿ ಹೊಸ ಬಿಲ್ ಮರೆತರೆ ಮಾರಾಟವನ್ನೇ ಮುಚ್ಚಿಟ್ಟ ಹಾಗೆ ಕಾಣುತ್ತದೆ. ಹೊಸ ಬಿಲ್ ಹಾಕಿ ಕ್ರೆಡಿಟ್ ನೋಟ್ ಮರೆತರೆ ತೆರಿಗೆ ಎರಡು ಸಲ. ಟ್ಯಾಲಿಯಲ್ಲಿ ಇನ್ನೊಂದು ಆಗುತ್ತದೆ. ಕ್ರೆಡಿಟ್ ನೋಟ್ ಹಾಕಿದ ಕೂಡಲೇ 400 ಕೆ.ಜಿ. ಪುಡಿ ನಿಮ್ಮ ಸ್ಟಾಕಿಗೆ ವಾಪಸ್ ಬರುತ್ತದೆ, ಹೊಸ ಬಿಲ್ ಹಾಕಿದಾಗ ಮತ್ತೆ ಹೋಗುತ್ತದೆ. ಎರಡಕ್ಕೂ ಒಂದೇ ದಿನಾಂಕ ಇಟ್ಟರೆ ಸ್ಟಾಕ್ ಪುಸ್ತಕ ಅಲುಗುವುದಿಲ್ಲ. ನಡುವೆ ಹತ್ತು ದಿನ ಬಿಟ್ಟರೆ, ಆ ಹತ್ತು ದಿನ ಇಲ್ಲದ ಪುಡಿ ಗೋಡೌನ್‌ನಲ್ಲಿ ಇರುವ ಹಾಗೆ ತೋರಿಸುತ್ತದೆ. ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವವರಿಗೆ ಇದು ಸಣ್ಣ ವಿಷಯ ಅಲ್ಲ. ಇನ್ನು ಕ್ರೆಡಿಟ್ ನೋಟ್ ಹಾಕುವ ಮುಂಚೆಯೇ ಮೈಸೂರಿನ ಶಾಖೆಗೆ ಫೋನ್ ಮಾಡಿ, ಐಎಂಎಸ್‌ನಲ್ಲಿ ಬಂದಾಗ ತಿರಸ್ಕರಿಸಬೇಡಿ ಅಂತ ಹೇಳಿ.

ಕ್ರೆಡಿಟ್ ನೋಟ್ ಬೇಕಾಗುವ ಇನ್ನೊಂದು ಕಡೆ, ಜಿಎಸ್‌ಟಿ ನಂಬರ್ ಇಲ್ಲದವರಿಗೆ ಮಾರಿದ್ದನ್ನು ತಪ್ಪಿ ಯಾರದೋ ನಂಬರಿಗೆ ಹಾಕಿದ್ದರೆ. 9ಎ ಟೇಬಲ್ ಒಂದು ನಂಬರಿನಿಂದ ಇನ್ನೊಂದು ನಂಬರಿಗೆ ಬದಲಿಸುತ್ತದೆ, ನಂಬರನ್ನು ತೆಗೆದುಹಾಕುವುದಿಲ್ಲ. ಅಲ್ಲಿ ಆ ನಂಬರಿಗೆ ಕ್ರೆಡಿಟ್ ನೋಟ್ ಹಾಕಿ, ಮಾರಾಟವನ್ನು ಸಾಮಾನ್ಯ ಗಿರಾಕಿಗಳ ಲೆಕ್ಕದಲ್ಲಿ ತೋರಿಸಬೇಕು.

ಇದರ ಉಲ್ಟಾ ಹೋಮ್‌ಸ್ಟೇಯವರಿಗೆ ಬರುತ್ತದೆ. ಬೆಂಗಳೂರಿನ ಅತಿಥಿ ಬಿಲ್ ತೆಗೆದುಕೊಂಡು ಹೋಗಿ, ಎರಡು ತಿಂಗಳ ಮೇಲೆ "ನಮ್ಮ ಕಂಪನಿ ಜಿಎಸ್‌ಟಿ ನಂಬರ್ ಹಾಕಿ ಕೊಡಿ" ಅಂತಾರೆ. ಆಗ ಆ ಮೊತ್ತವನ್ನು 10ನೇ ಟೇಬಲ್‌ನಲ್ಲಿ ಆ ತಿಂಗಳ ಸಾಮಾನ್ಯ ಮಾರಾಟದಿಂದ ಕಳೆದು, ಈಗಿನ ಜಿಎಸ್‌ಟಿಆರ್-1ರ 4ನೇ ಟೇಬಲ್‌ನಲ್ಲಿ ಬಿಲ್ಲಾಗಿ ಸೇರಿಸಬೇಕು. ಕೇರಳದ ಕಂಪನಿ ಕೇಳಿದರೆ ಒಂದು ಮಾತು ಮೊದಲೇ ತಿಳಿಸಿ. ಕೋಣೆ ಇರುವುದು ಕರ್ನಾಟಕದಲ್ಲಿ, ತೆರಿಗೆಯೂ ಕರ್ನಾಟಕದ್ದು. ಅವರ ಕೇರಳದ ನಂಬರ್ ಹಾಕಿಕೊಟ್ಟರೂ ಕ್ರೆಡಿಟ್ ಸಿಗುವುದಿಲ್ಲ.

ಎಲ್ಲ ತಪ್ಪಿಗೂ ಇಷ್ಟು ಓಡಾಟ ಬೇಡ ಅನ್ನುವುದೂ ಗೊತ್ತಿರಲಿ. ಜಿಎಸ್‌ಟಿ ನಂಬರ್ ಸರಿ ಇದ್ದು, ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆಗಿದ್ದರೆ, ಹಳೇ ವಿಳಾಸ ಬಿದ್ದಿದ್ದರೆ, ಕ್ಯಾನ್ಸಲ್ಲೂ ಬೇಡ, ಕ್ರೆಡಿಟ್ ನೋಟೂ ಬೇಡ, 9ಎ ಕೂಡ ಬೇಡ. ಗಿರಾಕಿಯ ವಿಳಾಸ ಜಿಎಸ್‌ಟಿಆರ್-1ಕ್ಕೆ ಹೋಗುವುದೇ ಇಲ್ಲ. ನಿಯಮ 36ರ ಪ್ರಕಾರ ಬಿಲ್ಲಿನಲ್ಲಿ ತೆರಿಗೆ ಮೊತ್ತ, ಮಾಲಿನ ವಿವರ, ಒಟ್ಟು ಬೆಲೆ, ಇಬ್ಬರ ಜಿಎಸ್‌ಟಿ ನಂಬರ್, ಬೇರೆ ರಾಜ್ಯಕ್ಕಾದರೆ ಮಾಲು ಸೇರುವ ಜಾಗ, ಇಷ್ಟು ಸರಿ ಇದ್ದರೆ ಉಳಿದದ್ದು ಅಲ್ಪಸ್ವಲ್ಪ ತಪ್ಪಿದ್ದರೂ ಪಡೆದವರು ಕ್ರೆಡಿಟ್ ತೆಗೆದುಕೊಳ್ಳಬಹುದು. ತಿದ್ದಿದ ಪ್ರತಿ ಒಂದು ಕೊಟ್ಟರೆ ಮುಗಿಯಿತು. ದಾರಿಯಲ್ಲಿ ಲಾರಿ ನಿಲ್ಲಿಸಿದರೂ ಹಾಗೇ. ನಂಬರ್ ಸರಿ ಇದ್ದು ಹೆಸರಿನ ಕಾಗುಣಿತ ಮಾತ್ರ ತಪ್ಪಿದ್ದರೆ 500 ಮತ್ತು 500, ಒಟ್ಟು ಒಂದು ಸಾವಿರ ದಂಡಕ್ಕೆ ಮುಗಿಸಬೇಕು ಅಂತ 2018ರ ಸೆಪ್ಟೆಂಬರ್ 14ರ ಸುತ್ತೋಲೆ 64 ಹೇಳುತ್ತದೆ. ಆ ಸುತ್ತೋಲೆಯ ಒಂದು ಪ್ರಿಂಟ್ ಡ್ರೈವರ್ ಹತ್ತಿರ ಇರಲಿ.

ಕೊನೆಗೆ ಗಡುವು. 2025-26ರ ಬಿಲ್ಲುಗಳನ್ನು 9ಎಯಲ್ಲಿ ತಿದ್ದಲು, ಅವಕ್ಕೆ ಕ್ರೆಡಿಟ್ ನೋಟ್ ತೋರಿಸಲು, ತಮ್ಮನಿಗೆ ಆ ವರ್ಷದ ಕ್ರೆಡಿಟ್ ತೆಗೆದುಕೊಳ್ಳಲು, ಮೂರಕ್ಕೂ 2026ರ ನವೆಂಬರ್ 30 ಕೊನೆ. ಅದಕ್ಕಿಂತ ಮೊದಲೇ ವಾರ್ಷಿಕ ರಿಟರ್ನ್ ಹಾಕಿಬಿಟ್ಟರೆ ಆ ದಿನವೇ ಕೊನೆ. ಮಾರ್ಚ್ ಮುಗಿದ ಕೂಡಲೇ ವಾರ್ಷಿಕ ರಿಟರ್ನ್ ಮುಗಿಸಿ ನಿಶ್ಚಿಂತೆ ಆಗುವವರು ಅದಕ್ಕೂ ಮುಂಚೆ ದೊಡ್ಡ ಗಿರಾಕಿಗಳಿಂದ ಲೆಡ್ಜರ್ ಪ್ರತಿ ತರಿಸಿ, ನಿಮ್ಮ ಎಲ್ಲ ಬಿಲ್ ಅವರ 2ಬಿಯಲ್ಲಿ ಬಂದಿದೆಯಾ ಅಂತ ಕೇಳಿಕೊಳ್ಳಿ. ನಿಮ್ಮ ತಮ್ಮ ಗಿರಾಕಿಯ ಹಾಗೆ ಎಲ್ಲರೂ ತಾವೇ ನೋಡಿ ಫೋನ್ ಮಾಡುವುದಿಲ್ಲ.